ಕೌಂಟರಿನ ಒಳಗೂ ಹೊರಗೂ: ಇಂಟರ್ನಲ್ ಮಾರ್ಕೆಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹನ್ನೊಂದು ವರ್ಷ ಕೌಂಟರ್ ಕೆಲಸದಲ್ಲಿದ್ದೆ. ಮೊದಲು ಬಿಲ್ ಹಾಕುತ್ತಿದ್ದೆ, ಆಮೇಲೆ ಬಿಲ್ ಹಾಕುವವರನ್ನು ನೋಡಿಕೊಳ್ಳುತ್ತಿದ್ದೆ. ಈಗ ಸಣ್ಣ ಆಸ್ಪತ್ರೆ, ಲ್ಯಾಬ್, ಹೋಟೆಲ್ ನಡೆಸುವವರು ಸಿಬ್ಬಂದಿ ವಿಷಯ ಮಾತಾಡೋಕೆ ಕರೆಯುತ್ತಾರೆ. ಊರು ಬೇರೆ, ವ್ಯಾಪಾರ ಬೇರೆ, ಆದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇಂಟರ್ನಲ್ ಮಾರ್ಕೆಟಿಂಗ್ ಅಂದ್ರೆ ಏನು? ನೌಕರರಿಗೂ ಜಾಹೀರಾತು ತೋರಿಸೋದಾ?

ಹೊರಗಿನ ಗ್ರಾಹಕರಿಗೆ ನೀವು ಒಂದು ಮಾತು ಕೊಡುತ್ತೀರಿ. "ಅರ್ಧ ಗಂಟೆಯಲ್ಲಿ ಊಟ", "ಅದೇ ದಿನ ರಿಪೋರ್ಟ್", "ಒಂದೇ ಭೇಟಿಯಲ್ಲಿ ಸಾಲ ಮಂಜೂರು". ಆ ಮಾತನ್ನು ನಡೆಸಿಕೊಡುವವರು ನೀವಲ್ಲ, ಕೌಂಟರಿನಲ್ಲಿ ಕೂತ ಹುಡುಗಿ, ಟೇಬಲ್ ಹತ್ತಿರ ನಿಂತ ಹುಡುಗ. ಹಾಗಾಗಿ ಆ ಮಾತನ್ನು ಮೊದಲು ಅವರ ಮುಂದೆ ಇಡಬೇಕು, ಅವರು ಒಪ್ಪಬೇಕು, ನಡೆಸಿಕೊಡಲು ಬೇಕಾದ್ದೆಲ್ಲ ಅವರ ಕೈಯಲ್ಲಿರಬೇಕು. ಇಂಟರ್ನಲ್ ಮಾರ್ಕೆಟಿಂಗ್ ಅಂದರೆ ಇಷ್ಟೇ.

ಇದನ್ನು ಚೆನ್ನಾಗಿ ಹೇಳಿದವರಲ್ಲಿ ಅಮೆರಿಕದ ಪ್ರೊಫೆಸರ್ ಲೆನರ್ಡ್ ಬೆರ್ರಿ ಒಬ್ಬರು. ನೌಕರರನ್ನೂ ಗ್ರಾಹಕರಂತೆ ನೋಡಿ, ಅವರು ಮಾಡುವ ಕೆಲಸವನ್ನು ನೀವು ಅವರಿಗೆ ಮಾರುವ ಸರಕಿನಂತೆ ನೋಡಿ ಎಂದು ಅವರು 1981ರಲ್ಲಿ ಬ್ಯಾಂಕಿನವರಿಗಾಗಿ ಬರೆದರು. ಈ ಯೋಚನೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಸರಕು ಚೆನ್ನಾಗಿಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ, ಅಲ್ವಾ? ಕೆಲಸವೂ ಹಾಗೆಯೇ. ಜನ ನಿಲ್ಲುತ್ತಿಲ್ಲ, ಮನಸ್ಸಿಟ್ಟು ಮಾಡುತ್ತಿಲ್ಲ ಅಂತಾದರೆ ಜನರನ್ನು ಬೈಯುವ ಮೊದಲು ಆ ಕೆಲಸ ಹೇಗಿದೆ ಅಂತ ಒಮ್ಮೆ ತಿರುಗಿಸಿ ನೋಡಬೇಕು.

ಪಾಠಪುಸ್ತಕಗಳಲ್ಲಿ ಇದನ್ನು ತ್ರಿಕೋನವಾಗಿ ಬಿಡಿಸುತ್ತಾರೆ. ಒಂದು ಮೂಲೆಯಲ್ಲಿ ಸಂಸ್ಥೆ, ಇನ್ನೊಂದರಲ್ಲಿ ಗ್ರಾಹಕ, ಮತ್ತೊಂದರಲ್ಲಿ ನೌಕರ. ಸಂಸ್ಥೆ ಗ್ರಾಹಕನಿಗೆ ಮಾತು ಕೊಡುತ್ತದೆ. ಆ ಮಾತು ನಡೆಸಲು ಬೇಕಾದ್ದನ್ನು ಸಂಸ್ಥೆ ನೌಕರನಿಗೆ ಒದಗಿಸುತ್ತದೆ. ನೌಕರ ಅದನ್ನು ಗ್ರಾಹಕನಿಗೆ ನಡೆಸಿಕೊಡುತ್ತಾನೆ. ಬಹಳ ಕಡೆ ಮೊದಲ ಗೆರೆಗೆ ದುಡ್ಡು ಸುರಿಯುತ್ತಾರೆ, ಎರಡನೇ ಗೆರೆಯನ್ನು ಮರೆಯುತ್ತಾರೆ, ಮೂರನೇ ಗೆರೆ ಕಡಿದಾಗ ನೌಕರನನ್ನು ಹಿಡಿಯುತ್ತಾರೆ.

ಇದು ಎಚ್‌ಆರ್‌ನವರ ಕೆಲಸ ಅಲ್ವಾ?

ಸಂಬಳ, ರಜೆ, ನೇಮಕಾತಿ ಅವರದ್ದು. ಆದರೆ ಜಾಹೀರಾತಿನಲ್ಲಿ ಏನು ಬರೆಯಬೇಕು ಅಂತ ತೀರ್ಮಾನಿಸುವುದು ಮಾರ್ಕೆಟಿಂಗ್‌ನವರು, ಗಾಡಿ ಎಷ್ಟು ಗಂಟೆಗೆ ಹೊರಡಬೇಕು ಅಂತ ತೀರ್ಮಾನಿಸುವುದು ಆಪರೇಷನ್ಸ್‌ನವರು. ಈ ಇಬ್ಬರೂ ಒಂದೇ ಟೇಬಲ್ಲಿಗೆ ಬರದಿದ್ದರೆ ಎಚ್‌ಆರ್ ಒಬ್ಬರಿಂದ ಏನೂ ಆಗದು. ಕೆಳಗೆ ಹೇಳುವ ಲ್ಯಾಬಿನ ಕಥೆ ಓದಿದರೆ ಇದು ಗೊತ್ತಾಗುತ್ತದೆ.

ಸೇವಾ ವ್ಯಾಪಾರದಲ್ಲೇ ಯಾಕೆ ಇದಕ್ಕೆ ಇಷ್ಟು ಒತ್ತು? ಸೋಪು ಮಾಡುವವರಿಗೂ ನೌಕರರು ಇರ್ತಾರಲ್ಲ?

ಇರುತ್ತಾರೆ. ಆದರೆ ಸೋಪು ಕಾರ್ಖಾನೆಯಲ್ಲಿ ಕೆಲಸಗಾರನಿಗೆ ಬೇಜಾರಾಗಿದ್ದರೆ ಅದು ಸೋಪಿಗೆ ಅಂಟಿಕೊಂಡು ನಿಮ್ಮ ಬಚ್ಚಲಿಗೆ ಬರುವುದಿಲ್ಲ. ನಡುವೆ ತಪಾಸಣೆ ಇದೆ, ಪ್ಯಾಕಿಂಗ್ ಇದೆ, ಅಂಗಡಿ ಇದೆ. ಸೇವೆಯಲ್ಲಿ ಅದ್ಯಾವುದೂ ಇಲ್ಲ. ತಯಾರಾಗುವ ಕ್ಷಣದಲ್ಲೇ ಗ್ರಾಹಕ ಎದುರಿಗಿರುತ್ತಾನೆ. ಕೆಟ್ಟದಾಗಿ ಬಂದ ಒಂದು ಉತ್ತರವನ್ನು ವಾಪಸ್ ತೆಗೆದು ಬೇರೆ ಕೊಡೋಕೆ ಆಗುವುದಿಲ್ಲ.

ಯಾನ್ ಕಾರ್ಲ್‌ಸನ್ 1981ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಮುಖ್ಯಸ್ಥರಾದಾಗ ಆ ಸಂಸ್ಥೆ ನಷ್ಟದಲ್ಲಿತ್ತು. ಅವರು ಒಂದು ಸರಳ ಲೆಕ್ಕ ಹಾಕಿದರು. ವರ್ಷಕ್ಕೆ ಸುಮಾರು 1 ಕೋಟಿ ಪ್ರಯಾಣಿಕರು. ಒಬ್ಬೊಬ್ಬರೂ ಸುಮಾರು 5 ಸಿಬ್ಬಂದಿಯನ್ನು ಭೇಟಿಯಾಗುತ್ತಾರೆ, ಒಂದೊಂದು ಭೇಟಿ ಸರಾಸರಿ 15 ಸೆಕೆಂಡು. ಅಂದರೆ ವರ್ಷಕ್ಕೆ 5 ಕೋಟಿ ಸಲ ಆ ಸಂಸ್ಥೆ ಗ್ರಾಹಕರ ಮನಸ್ಸಿನಲ್ಲಿ ಹೊಸದಾಗಿ ಹುಟ್ಟುತ್ತದೆ, ತಲಾ 15 ಸೆಕೆಂಡು. ಆ 15 ಸೆಕೆಂಡಿನಲ್ಲಿ ಮೇಲಧಿಕಾರಿ ಅಲ್ಲಿರುವುದಿಲ್ಲ. ಸಿಬ್ಬಂದಿ ಮೇಲಿನವರನ್ನು ಕೇಳಿ ಹೇಳ್ತೀನಿ ಅಂದರೆ ಆ ಕ್ಷಣ ಕೈತಪ್ಪಿತು. ಅದಕ್ಕೇ ಅವರು ಸಂಸ್ಥೆ ಎತ್ತ ಹೊರಟಿದೆ ಅಂತ ಸುಲಭ ಮಾತಿನಲ್ಲಿ ಹೇಳುವ ಒಂದು ಕೆಂಪು ರಟ್ಟಿನ ಸಣ್ಣ ಪುಸ್ತಕವನ್ನು 20,000 ನೌಕರರಿಗೂ ಹಂಚಿದರು, ಸ್ಥಳದಲ್ಲೇ ತೀರ್ಮಾನ ತೆಗೆದುಕೊಳ್ಳುವ ಅಧಿಕಾರವನ್ನೂ ಕೌಂಟರಿಗೆ ಇಳಿಸಿದರು. ಪುಸ್ತಕ ಒಂದನ್ನೇ ಕೊಟ್ಟು ಅಧಿಕಾರ ಕೊಡದೆ ಇದ್ದಿದ್ದರೆ ಅದು ಡ್ರಾಯರಿನಲ್ಲಿ ಬಿದ್ದಿರುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ನೌಕರರ ಮನಸ್ಸಿನಲ್ಲಿರೋದು ಗ್ರಾಹಕರಿಗೆ ನಿಜವಾಗ್ಲೂ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಬೆಂಜಮಿನ್ ಷ್ನೈಡರ್ ಮತ್ತು ಅವರ ಜೊತೆಗಾರರು ಅಮೆರಿಕದ ಒಂದು ಬ್ಯಾಂಕಿನ 23 ಶಾಖೆಗಳಲ್ಲಿ ಇದನ್ನು ನೋಡಿ 1980ರಲ್ಲಿ ಪ್ರಕಟಿಸಿದರು. ನೌಕರರನ್ನು ಬೇರೆ ಕೇಳಿದರು, ಗ್ರಾಹಕರನ್ನು ಬೇರೆ ಕೇಳಿದರು. ಯಾವ ಶಾಖೆಯ ನೌಕರರು "ನಮ್ಮಲ್ಲಿ ಸೇವೆಗೆ ಬೆಲೆ ಇದೆ" ಅಂದರೋ, ಅದೇ ಶಾಖೆಯ ಗ್ರಾಹಕರು "ಇಲ್ಲಿ ಸೇವೆ ಚೆನ್ನಾಗಿದೆ" ಅಂದರು. ಇಬ್ಬರ ಉತ್ತರಗಳೂ ಶಾಖೆಯಿಂದ ಶಾಖೆಗೆ ಜೊತೆಜೊತೆಯಾಗಿ ಏರಿಳಿದವು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅವರು ಬರೀ "ನೀವು ಖುಷಿಯಾಗಿದ್ದೀರಾ" ಅಂತ ಕೇಳಲಿಲ್ಲ. ಶಾಖೆಯಲ್ಲಿ ಏನಕ್ಕೆ ಬೆಲೆ ಕೊಡುತ್ತಾರೆ ಅಂತ ಕೇಳಿದರು: ಗ್ರಾಹಕರ ಕೆಲಸ ಆಗುವುದಕ್ಕಾ, ಇಲ್ಲ ಫಾರಂ ಸರಿಯಾಗಿ ತುಂಬುವುದಕ್ಕಾ? ನೌಕರನಿಗೆ ಗ್ರಾಹಕನ ಕೆಲಸ ಮಾಡಿಕೊಡುವ ಆಸೆ ಇದ್ದು, ಮೇಲಿನವರು ನಿಯಮದ ಪುಸ್ತಕವನ್ನಷ್ಟೇ ನೋಡುತ್ತಾರೆ ಅಂತಾದರೆ ಅವನು ನಡುವೆ ಸಿಕ್ಕಿ ಒದ್ದಾಡುತ್ತಾನೆ. ಕೌಂಟರಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಭಾಷೆಯಲ್ಲೇ ಇದಕ್ಕೊಂದು ಗುರುತಿದೆ. "ಸಂಜೆ ರಿಪೋರ್ಟ್ ಸಿಗುತ್ತಾ?" ಅಂತ ಕೇಳಿದಾಗ ಸಿಬ್ಬಂದಿ "ಕೊಡ್ತೀವಿ ಸರ್" ಅಂದರೆ ಒಂದು ಅರ್ಥ, "ಕೊಡ್ತಾರಂತೆ ಸರ್" ಅಂದರೆ ಇನ್ನೊಂದು. ಆ "ಅಂತೆ"ಯಲ್ಲಿ ಎಲ್ಲ ಇದೆ. ಈ ಮಾತು ನನ್ನದಲ್ಲ, ನನಗೆ ಯಾರೂ ಹೇಳಿಲ್ಲ, ಆಗದಿದ್ದರೆ ನನ್ನನ್ನು ಕೇಳಬೇಡಿ. ಗ್ರಾಹಕರ ಕಿವಿಗೆ ಅದು ಥಟ್ಟನೆ ತಾಗುತ್ತದೆ. ನಾನು ಹೊಸ ಜಾಗಕ್ಕೆ ಹೋದರೆ ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಎಷ್ಟು ಸಲ "ಅಂತೆ" ಕೇಳಿಸಿತು ಅಂತ ಎಣಿಸುತ್ತೇನೆ.

ಒಂದು ನಿಜವಾದ ಉದಾಹರಣೆ ಕೊಡ್ತೀರಾ?

ನಾನೇ ಇದ್ದ ಒಂದು ಲ್ಯಾಬಿನ ಕಥೆ ಹೇಳುತ್ತೇನೆ. ಹೆಸರು ಬೇಡ. ಜಿಲ್ಲಾ ಕೇಂದ್ರದಲ್ಲಿ ನಮ್ಮದೊಂದು ಕಲೆಕ್ಷನ್ ಸೆಂಟರ್, ದೊಡ್ಡ ಲ್ಯಾಬ್ ಬೆಂಗಳೂರಿನಲ್ಲಿ. ಕೌಂಟರಿನಲ್ಲಿ ಮೂವರು, ರಕ್ತ ತೆಗೆಯುವವರು ಇಬ್ಬರು, ಬಾಗಿಲಲ್ಲಿ ಒಬ್ಬ ಸೆಕ್ಯೂರಿಟಿ. ಸಕ್ಕರೆ, ಹಿಮೋಗ್ಲೋಬಿನ್ ತರಹದ ಪರೀಕ್ಷೆ ನಮ್ಮಲ್ಲೇ ಮೆಷಿನ್‌ನಲ್ಲಿ ಆಗುತ್ತಿತ್ತು. ಥೈರಾಯ್ಡ್, ವಿಟಮಿನ್ ಡಿ ಮುಂತಾದವು ಬೆಂಗಳೂರಿಗೆ ಹೋಗಬೇಕು. ಸ್ಯಾಂಪಲ್ ಗಾಡಿ ಬೆಳಿಗ್ಗೆ ಹತ್ತೂವರೆಗೆ ಹೊರಡುತ್ತಿತ್ತು, ದಿನಕ್ಕೆ ಒಂದೇ ಸಲ.

ಒಂದು ದಿನ ಬೆಳಿಗ್ಗೆ ಎಂಟಕ್ಕೆ ಒಬ್ಬರು ಫೋನ್ ತೋರಿಸಿ, "ಇವತ್ತು ಸಂಜೆನೇ ಎಲ್ಲಾ ರಿಪೋರ್ಟ್ ಕೊಡ್ತೀರಲ್ಲ?" ಅಂದರು. ಹೆಡ್ ಆಫೀಸ್ ಹೊಸ ಜಾಹೀರಾತು ಬಿಟ್ಟಿತ್ತು: ಬೆಳಿಗ್ಗೆ ರಕ್ತ ಕೊಡಿ, ಸಂಜೆ ರಿಪೋರ್ಟ್ ಪಡೆಯಿರಿ. ನಾವು ಅದನ್ನು ಮೊದಲು ನೋಡಿದ್ದು ಆ ಗ್ರಾಹಕರ ಫೋನಿನಲ್ಲಿ.

ಆ ಜಾಹೀರಾತು ಪೂರ್ತಿ ಸುಳ್ಳಲ್ಲ. ಹತ್ತೂವರೆ ಒಳಗೆ ಬಂದವರ ಥೈರಾಯ್ಡ್ ರಿಪೋರ್ಟ್ ಸಂಜೆ ಬರುತ್ತಿತ್ತು. ಹನ್ನೊಂದಕ್ಕೆ ಬಂದರೆ ಮಾರನೇ ದಿನ. ಇನ್ನು ಮೂತ್ರದ ಕಲ್ಚರ್ ಪರೀಕ್ಷೆ ಇದೆಯಲ್ಲ, ಅದರಲ್ಲಿ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ನೋಡಬೇಕು. ಎರಡು ಮೂರು ದಿನ ಬೇಕೇ ಬೇಕು. ಯಾವ ಲ್ಯಾಬಿನವರೂ ಅದನ್ನು ಸಂಜೆಗೆ ಕೊಡಲಾರರು. ಜಾಹೀರಾತು ಬರೆದವರಿಗೆ ಇದು ಗೊತ್ತಿರಲಿಲ್ಲ. ಕೌಂಟರಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಯಾರೂ ಕೇಳಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಮೊದಲ ವಾರ ನಮ್ಮ ಹುಡುಗಿಯರು ಕ್ಷಮೆ ಕೇಳಿದರು. ಎರಡನೇ ವಾರ ವಾದ ಮಾಡಿದರು, "ಅದು ನಮ್ಮದಲ್ಲ ಸರ್, ಹೆಡ್ ಆಫೀಸ್‌ನವರು ಹಾಕಿರೋದು." ಮೂರನೇ ವಾರಕ್ಕೆ ತಲೆ ಎತ್ತುವುದನ್ನೇ ಬಿಟ್ಟರು. ಕಂಪ್ಯೂಟರ್ ನೋಡುತ್ತಲೇ ಹೆಸರು, ವಯಸ್ಸು, ಫೋನ್ ನಂಬರ್. ಮುಖ ನೋಡಿದರೆ ಪ್ರಶ್ನೆ ಬರುತ್ತದೆ, ಪ್ರಶ್ನೆ ಬಂದರೆ ಬೈಗುಳ ಬರುತ್ತದೆ, ಅದಕ್ಕೆ ಮುಖವನ್ನೇ ನೋಡುತ್ತಿರಲಿಲ್ಲ. ಇದು ಸೊಕ್ಕಲ್ಲ. ದಿನಾ ನಲವತ್ತು ಜನರ ಹತ್ತಿರ ಬೈಸಿಕೊಂಡ ಮನುಷ್ಯ ತನ್ನನ್ನು ತಾನು ಕಾಪಾಡಿಕೊಳ್ಳುವ ದಾರಿ.

ಗ್ರಾಹಕರ ದೂರುಗಳಲ್ಲಿ ಏನು ಬಂತು ಗೊತ್ತಾ? "ಸಿಬ್ಬಂದಿ ಒರಟು", "ಮುಖ ಕೊಟ್ಟು ಮಾತಾಡಲ್ಲ". ಗಾಡಿಯ ಸಮಯದ ಬಗ್ಗೆ ಒಂದು ದೂರೂ ಇಲ್ಲ. ಗ್ರಾಹಕರಿಗೆ ಗಾಡಿ ಕಾಣುವುದಿಲ್ಲ, ಹುಡುಗಿ ಕಾಣುತ್ತಾಳೆ. ಹೆಡ್ ಆಫೀಸ್‌ನವರು ದೂರು ಓದಿ ಒಬ್ಬ ಟ್ರೇನರನ್ನು ಕಳಿಸಿದರು. ಕೈ ಮುಗಿಯುವುದು, ನಗುವುದು, ಗ್ರಾಹಕರ ಹೆಸರು ಹಿಡಿದು ಕರೆಯುವುದು, ಇವು ಪಾಠ. ನಮ್ಮಲ್ಲಿ ಹಿರಿಯರಾದ ಒಬ್ಬ ಅಕ್ಕ ಎದ್ದು ನಿಂತು, "ನಮಸ್ಕಾರ ಹೇಳ್ತೀನಿ ಮೇಡಂ. ಆದ್ರೆ ಸಂಜೆ ಕಲ್ಚರ್ ರಿಪೋರ್ಟ್ ಕೇಳಿದ್ರೆ ಏನು ಹೇಳ್ಲಿ, ಅದನ್ನ ಹೇಳಿಕೊಡಿ" ಅಂದರು. ಟ್ರೇನರ್ ಹತ್ತಿರ ಉತ್ತರ ಇರಲಿಲ್ಲ, ಪಾಪ ಅವರಿಗೂ ಯಾರೂ ಹೇಳಿರಲಿಲ್ಲ. ಆ ತಿಂಗಳು ಒಬ್ಬ ಹುಡುಗಿ ಕೆಲಸ ಬಿಟ್ಟಳು. ತುಂಬಾ ಒಳ್ಳೆಯ ಕೆಲಸಗಾರ್ತಿ, ಇವತ್ತಿಗೂ ನನಗೆ ಆ ಬೇಸರ ಹೋಗಿಲ್ಲ.

ಅದನ್ನು ಹೇಗೆ ಸರಿಮಾಡಿದಿರಿ?

ಮೊದಲು ಒಂದು ನೋಟ್ ಪುಸ್ತಕ ಇಟ್ಟೆವು. ಗ್ರಾಹಕರು ಸಿಟ್ಟಾದಾಗಲೆಲ್ಲ ಸಮಯ ಮತ್ತು ಕಾರಣ, ಒಂದೇ ಸಾಲು. ಸಿಬ್ಬಂದಿಯ ಹೆಸರು ಬರೆಯಬಾರದು ಅಂತ ನಿಯಮ. ಹೆಸರು ಬರೆಯಬೇಕು ಅಂದಿದ್ದರೆ ಯಾರೂ ಬರೆಯುತ್ತಿರಲಿಲ್ಲ. ಎರಡು ವಾರದಲ್ಲಿ ಚಿತ್ರ ಸಿಕ್ಕಿತು. ಅರ್ಧಕ್ಕಿಂತ ಜಾಸ್ತಿ ಸಾಲುಗಳು ರಿಪೋರ್ಟ್ ಸಮಯದ್ದೇ. ಅದಾದ ಮೇಲೆ ಟೋಕನ್ ಗಲಾಟೆ: ಖಾಲಿ ಹೊಟ್ಟೆಯಲ್ಲಿ ಬಂದ ವಯಸ್ಸಾದ ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಏಳರಿಂದ ಒಂಬತ್ತೂವರೆವರೆಗೆ ಕಾಯುತ್ತಿದ್ದರು, ತಲೆ ಸುತ್ತುವ ಹೊತ್ತಿಗೆ ಮನೆಯವರು ಕೌಂಟರಿಗೆ ಬಂದು ಕೂಗುತ್ತಿದ್ದರು.

ಆಮೇಲೆ ಯಾವ ಪರೀಕ್ಷೆ ಯಾವಾಗ ಬರುತ್ತದೆ ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗ್ರಾಹಕರ ಕಡೆ ಮುಖ ಮಾಡಿ ಅಂಟಿಸಿದೆವು. ಬಿಲ್ಲಿನ ಮೇಲೂ ರಿಪೋರ್ಟ್ ಬರುವ ದಿನ, ಗಂಟೆ ಅಚ್ಚಾಗುವಂತೆ ಮಾಡಿಸಿದೆವು. ಇದರಿಂದ ಹುಡುಗಿಯರಿಗೆ ದೊಡ್ಡ ಹೊರೆ ಇಳಿಯಿತು. ಮೊದಲು ಕೆಟ್ಟ ಸುದ್ದಿಯನ್ನು ಅವರು ಬಾಯಲ್ಲಿ ಹೇಳಬೇಕಿತ್ತು, ಈಗ ಹಾಳೆ ಹೇಳುತ್ತಿತ್ತು, ಅವರು ವಿವರಿಸಿದರೆ ಸಾಕಿತ್ತು.

ಮಧ್ಯಾಹ್ನದ ಶಿಫ್ಟಿನ ಒಬ್ಬರನ್ನು ಬೆಳಗಿನ ರಶ್ಶಿಗೆ ಹಾಕಿದೆವು. ಹೊಸ ಜನ ಬೇಕಾಗಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಕೌಂಟರ್ ಖಾಲಿಯೇ ಇರುತ್ತಿತ್ತು.

ಹೆಡ್ ಆಫೀಸ್ ಜೊತೆ ಜಗಳ ಆದದ್ದು ಒಂದು ವಿಷಯಕ್ಕೆ. ಇನ್ನು ಮೇಲೆ ಯಾವ ಜಾಹೀರಾತು ಬಂದರೂ ಮೂರು ದಿನ ಮೊದಲು ನಮಗೆ ಕಳಿಸಬೇಕು, ಕೌಂಟರಿನವರು ಓದಿ ನಡೆಯಲ್ಲ ಅಂದರೆ ಅದನ್ನು ಬದಲಾಯಿಸಬೇಕು ಅಂತ ಕೇಳಿದೆವು. ಮೊದಲು ಒಪ್ಪಲಿಲ್ಲ. ನೋಟ್ ಪುಸ್ತಕದ ಫೋಟೊ ಕಳಿಸಿದ ಮೇಲೆ ಒಪ್ಪಿದರು. ಜಾಹೀರಾತಿಗೆ ಸೇರಿಸಿದ್ದು ಕೆಲವೇ ಪದ: ಬೆಳಿಗ್ಗೆ 10ರ ಒಳಗೆ ಬಂದರೆ, ಆಯ್ದ ಪರೀಕ್ಷೆಗಳಿಗೆ.

ಎರಡು ತಿಂಗಳಲ್ಲಿ ಪುಸ್ತಕದಲ್ಲಿ ದಿನಕ್ಕೆ ಒಂದೋ ಎರಡೋ ಸಾಲು ಉಳಿದವು. ನಗುವ ತರಬೇತಿ ಮತ್ತೆ ಯಾರಿಗೂ ಕೊಡಲಿಲ್ಲ, ಆದರೂ ಒಂದು ಬೆಳಿಗ್ಗೆ ಆ ಅಕ್ಕ ಒಬ್ಬ ಅಜ್ಜಿಗೆ "ನಾಳೆ ಹನ್ನೊಂದಕ್ಕೆ ನಾವೇ ಫೋನ್ ಮಾಡ್ತೀವಿ ಅಮ್ಮ, ನೀವು ಬರಬೇಡಿ" ಅನ್ನುವುದು ಕೇಳಿಸಿತು. ಎಲ್ಲವೂ ಸರಿಹೋಯಿತು ಅನ್ನಲಾರೆ. ಮೆಷಿನ್ ಕೆಟ್ಟ ದಿನ ಹಳೇ ಗಲಾಟೆಯೇ, ಸಂಬಳದ ದೂರೂ ಹಾಗೇ ಇತ್ತು.

ಹಾಗಾದ್ರೆ ನಗೋದು, ನಮಸ್ಕಾರ ಮಾಡೋದು ಕಲಿಸಲೇಬಾರದಾ?

ಕಲಿಸಿ, ಆದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಅಂತ ತಿಳಿದು ಕಲಿಸಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ 1983ರಲ್ಲಿ ಬರೆದ ಪುಸ್ತಕದಲ್ಲಿ, ಸಂಬಳಕ್ಕಾಗಿ ಭಾವನೆಯನ್ನು ಹೊಂದಿಸಿಕೊಳ್ಳುವುದೂ ಒಂದು ದುಡಿಮೆ ಅಂದರು. ಒಳಗೆ ಒಂದು ಇಟ್ಟುಕೊಂಡು ಮುಖದಲ್ಲಿ ಇನ್ನೊಂದು ತೋರಿಸುವುದು ಒಂದು ಬಗೆ. ಎದುರಿನವರ ಕಷ್ಟವನ್ನು ನೆನೆದು ನಿಜವಾಗಿಯೂ ಆ ಭಾವನೆ ತಂದುಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದು ಮನುಷ್ಯನನ್ನು ಹಿಂಡಿಬಿಡುತ್ತದೆ, ಅದೂ ದಿನಾ ಎಂಟು ಗಂಟೆ ಮಾಡಿದರೆ. ಎರಡನೆಯದಕ್ಕೆ ಸಿಬ್ಬಂದಿಗೆ ಎದುರಿನವರ ಬಗ್ಗೆ ಯೋಚಿಸುವಷ್ಟು ಪುರುಸೊತ್ತು ಬೇಕು.

ಇನ್ನೊಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ರಾಬರ್ಟ್ ಸಟ್ಟನ್ ಮತ್ತು ಅನಾತ್ ರಫಾಯೆಲಿ ಒಂದು ದಿನಸಿ ಅಂಗಡಿ ಸರಣಿಯ 576 ಅಂಗಡಿಗಳಲ್ಲಿ ನೌಕರರು ನಗುತ್ತಾರಾ, ಥ್ಯಾಂಕ್ಸ್ ಹೇಳುತ್ತಾರಾ ಅಂತ ನೋಡಿ, ಅದನ್ನು ಮಾರಾಟದ ಜೊತೆ ಹೋಲಿಸಿ 1988ರಲ್ಲಿ ಪ್ರಕಟಿಸಿದರು. ನಗು ಜಾಸ್ತಿ ಇದ್ದಲ್ಲಿ ಮಾರಾಟ ಜಾಸ್ತಿ ಇರುತ್ತದೆ ಅಂದುಕೊಂಡಿದ್ದರು. ಸಿಕ್ಕಿದ್ದು ಉಲ್ಟಾ: ಮಾರಾಟ ಜಾಸ್ತಿ ಇದ್ದ ಅಂಗಡಿಗಳಲ್ಲೇ ನಗು ಕಡಿಮೆ. ಅಂಗಡಿಗಳಿಗೆ ಹೋಗಿ ನೋಡಿದಾಗ ಕಾರಣ ತಿಳಿಯಿತು. ಮಾರಾಟ ಜಾಸ್ತಿ ಅಂದರೆ ಕ್ಯೂ ಉದ್ದ. ಕ್ಯೂ ಉದ್ದ ಇದ್ದಾಗ ಗ್ರಾಹಕರಿಗೂ ಬೇಗ ಬಿಲ್ ಆದರೆ ಸಾಕು, ಹರಟೆ ಬೇಡ. ಅಂಗಡಿ ಖಾಲಿ ಇದ್ದಾಗ ಅದೇ ಜನ ಮಾತು ಬಯಸುತ್ತಾರೆ.

ಹಾಗಾಗಿ ಬೆಳಿಗ್ಗೆ ಎಂಟರ ರಶ್ಶಿನಲ್ಲಿ ನಿಮ್ಮ ಸಿಬ್ಬಂದಿ ನಗದಿದ್ದರೆ ಅದನ್ನು ತಪ್ಪು ಅಂತ ಬರೆದುಕೊಳ್ಳಬೇಡಿ. ಆ ಹೊತ್ತಿನಲ್ಲಿ ಕೈ ಚುರುಕಾಗಿದೆಯಾ, ಉತ್ತರ ಸರಿಯಾಗಿದೆಯಾ ನೋಡಿ. ಮಧ್ಯಾಹ್ನ ಕೌಂಟರ್ ಖಾಲಿ ಇದ್ದಾಗಲೂ ತಲೆ ಎತ್ತುತ್ತಿಲ್ಲ ಅಂದರೆ ಆಗ ವಿಚಾರಿಸಿ, ಒಳಗೆ ಏನೋ ಆಗಿದೆ.

ಸಂಬಳ ಜಾಸ್ತಿ ಮಾಡಿದ್ರೆ ಸರಿಹೋಗಲ್ವಾ?

ಸಂಬಳ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಿ, ಬೇರೆ ಮಾತೇ ಬೇಡ. ಪಕ್ಕದ ಅಂಗಡಿಯವರು ಎರಡು ಸಾವಿರ ಜಾಸ್ತಿ ಕೊಡುತ್ತಿದ್ದಾರೆ ಅಂದರೆ ನಿಮ್ಮ ಯಾವ ಮೀಟಿಂಗೂ ಅವರನ್ನು ಹಿಡಿದಿಡುವುದಿಲ್ಲ. ಆದರೆ ನಮ್ಮ ಲ್ಯಾಬಿನಲ್ಲಿ ಆ ಮೂರು ವಾರ ಸಂಬಳ ಎರಡರಷ್ಟು ಮಾಡಿದ್ದರೂ ಕಲ್ಚರ್ ರಿಪೋರ್ಟ್ ಸಂಜೆಗೆ ಬರುತ್ತಿರಲಿಲ್ಲ.

ಅದಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಕಮಿಷನ್ ವಿಷಯದಲ್ಲಿ. ಸಿಯರ್ಸ್ ಅನ್ನುವ ದೊಡ್ಡ ಅಮೆರಿಕನ್ ಅಂಗಡಿ ಸರಣಿಗೆ ಕಾರು ರಿಪೇರಿ ಕೇಂದ್ರಗಳೂ ಇದ್ದವು. ಅಲ್ಲಿ ನೌಕರರಿಗೆ ರಿಪೇರಿಯ ಗುರಿ, ಮಾರಾಟದ ಮೇಲೆ ಕಮಿಷನ್ ಇಟ್ಟಿದ್ದರು. 1992ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ, ಇಲ್ಲಿ ಬೇಡದ ರಿಪೇರಿಗಳನ್ನು ಗ್ರಾಹಕರ ತಲೆಗೆ ಕಟ್ಟುತ್ತಿದ್ದಾರೆ ಅಂತ ಆರೋಪ ಮಾಡಿತು. ಗ್ರಾಹಕರಿಗೆ ಸಲಹೆ ಕೊಡುವ ನೌಕರರ ಕಮಿಷನನ್ನು ಸಂಸ್ಥೆ ನಿಲ್ಲಿಸಬೇಕಾಯಿತು. ನೌಕರರು ಕೆಟ್ಟವರಾಗಿದ್ದರು ಅಂತಲ್ಲ. ನಿಮ್ಮ ಸಂಸ್ಥೆ ಏನಕ್ಕೆ ಬೆಲೆ ಕೊಡುತ್ತದೆ ಅನ್ನುವುದನ್ನು ನೌಕರರು ಗೋಡೆಯ ಪೋಸ್ಟರಿನಲ್ಲಿ ಓದುವುದಿಲ್ಲ, ತಿಂಗಳ ಕೊನೆಯ ಸಂಬಳದ ಚೀಟಿಯಲ್ಲಿ ಓದುತ್ತಾರೆ. ಲ್ಯಾಬಿನಲ್ಲೂ ಹೀಗೇ, ಪ್ಯಾಕೇಜ್ ಮಾರಿದರೆ ಇನ್ಸೆಂಟಿವ್ ಅಂತ ಇಟ್ಟರೆ ಒಂದೇ ಪರೀಕ್ಷೆಗೆ ಬಂದವರಿಗೂ ಹದಿನೈದು ಪರೀಕ್ಷೆಯ ಪ್ಯಾಕೇಜ್ ಹೇಳುತ್ತಾರೆ.

ನೌಕರರ ಕೈಗೆ ಎಷ್ಟು ಅಧಿಕಾರ ಕೊಡಬಹುದು? ಕೊಟ್ಟರೆ ದುರುಪಯೋಗ ಆಗಲ್ವಾ?

ರಿಟ್ಜ್ ಕಾರ್ಲ್ಟನ್ ಹೋಟೆಲ್‌ಗಳಲ್ಲಿ ಒಬ್ಬ ಅತಿಥಿಯ ಸಮಸ್ಯೆ ಬಗೆಹರಿಸಲು ಯಾವ ನೌಕರನೇ ಆಗಲಿ ಮೇಲಿನವರನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು ಅನ್ನುವ ನಿಯಮ ಬಹಳ ಹೆಸರಾದದ್ದು. ಅದನ್ನು ಕೇಳಿ ನಮ್ಮ ಮಾಲೀಕರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಅಲ್ಲಿ ಒಂದು ರಾತ್ರಿಯ ಬಾಡಿಗೆಯೇ ದೊಡ್ಡದು, ಒಬ್ಬ ಅತಿಥಿ ಮತ್ತೆ ಮತ್ತೆ ಬಂದರೆ ಆಗುವ ವ್ಯಾಪಾರ ಇನ್ನೂ ದೊಡ್ಡದು. ನಿಮ್ಮ ಮಿತಿಯನ್ನು ನಿಮ್ಮ ಬಿಲ್ಲಿನ ಅಳತೆಗೆ ಹೊಂದಿಸಿ.

ನಾವು 300 ರೂಪಾಯಿ ಅಂತ ಇಟ್ಟೆವು. ರಕ್ತ ಎರಡನೇ ಸಲ ಚುಚ್ಚಬೇಕಾಗಿ ಬಂತು, ಸ್ಯಾಂಪಲ್ ಕೆಟ್ಟು ಗ್ರಾಹಕರು ಮತ್ತೆ ಬರಬೇಕಾಯಿತು, ಅಂಥ ಕಡೆ ಕೌಂಟರಿನವರು ಮನೆಗೇ ಹೋಗಿ ಸ್ಯಾಂಪಲ್ ತೆಗೆಸಬಹುದು ಅಥವಾ ಅಷ್ಟು ಹಣ ಬಿಡಬಹುದು, ಯಾರನ್ನೂ ಕೇಳಬೇಕಾಗಿಲ್ಲ, ಆಮೇಲೆ ಒಂದು ಸಾಲು ಬರೆದರೆ ಸಾಕು. ದುರುಪಯೋಗದ ಭಯ ಇತ್ತು. ಆಗಿದ್ದು ಬೇರೆ. ಮೊದಲ ತಿಂಗಳು ಯಾರೂ ಬಳಸಲೇ ಇಲ್ಲ. ಬಳಸಿದರೆ ಮುಂದೆ ಪ್ರಶ್ನೆ ಬರುತ್ತದೆ ಅನ್ನುವ ಹೆದರಿಕೆ. ಒಬ್ಬರು ಧೈರ್ಯ ಮಾಡಿ ಬಳಸಿದಾಗ ಏರಿಯಾ ಮ್ಯಾನೇಜರ್ ಎಲ್ಲರ ಎದುರು "ಸರಿಯಾಗಿ ಮಾಡಿದ್ರಿ" ಅಂದರು. ಅವತ್ತಿಂದ ಬಳಕೆ ಶುರುವಾಯಿತು. ಮೊದಲನೆಯವರಿಗೆ "ಇದಕ್ಕೂ ಬಿಡಬೇಕಿತ್ತಾ?" ಅಂತ ಕೇಳಿದ್ದರೆ ಆ ನಿಯಮ ಅಲ್ಲೇ ಸಾಯುತ್ತಿತ್ತು.

ನೌಕರರು ಖುಷಿಯಾಗಿದ್ದರೆ ಲಾಭ ಬಂದೇ ಬರುತ್ತಾ?

ಹಾಗೆ ಹೇಳಲಾಗದು. ಮೇಲೆ ಹೇಳಿದ ಸಿಯರ್ಸ್‌ನವರೇ ಆಮೇಲೆ ಎಲ್ಲವನ್ನೂ ತಿದ್ದಿಕೊಳ್ಳಲು ಹೊರಟು, ನೌಕರರ ಮನೋಭಾವ, ಗ್ರಾಹಕರ ಅಭಿಪ್ರಾಯ, ಆದಾಯ ಮೂರನ್ನೂ ಜೋಡಿಸಿ ಅಳೆದರು. 1998ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ನೌಕರರ ಮನೋಭಾವದ ಅಂಕ 5 ಏರಿದರೆ ಗ್ರಾಹಕರ ಅಭಿಪ್ರಾಯದ ಅಂಕ 1.3 ಏರುತ್ತದೆ, ಅದರಿಂದ ಆದಾಯದ ಬೆಳವಣಿಗೆ ಶೇ 0.5 ಹೆಚ್ಚುತ್ತದೆ. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ.

ಅಂಕಿಗಳನ್ನು ಸಮಾಧಾನದಿಂದ ನೋಡಿ. ಪ್ರತಿ ಹೆಜ್ಜೆಯಲ್ಲೂ ಸೋರುತ್ತಾ ಹೋಗಿದೆ. 5 ಇದ್ದದ್ದು 1.3 ಆಯಿತು, ಕೊನೆಗೆ ಕೈಗೆ ಸಿಕ್ಕಿದ್ದು ಅರ್ಧ ಶೇಕಡಾ. ಅದೇನೂ ಸಣ್ಣದಲ್ಲ, ಆದರೆ ಉಳಿದದ್ದೆಲ್ಲ ಬೇರೆ ಕಾರಣಗಳ ಕೈಯಲ್ಲಿದೆ: ಬೆಲೆ, ಜಾಗ, ಪೈಪೋಟಿ, ಜನರ ಕೊಳ್ಳುವ ರೀತಿ. ಸಿಯರ್ಸ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ನೌಕರರ ಮನಸ್ಸು ಗೆದ್ದರೆ ಸಾಕು ಅಂತ ಯಾರಾದರೂ ನಿಮಗೆ ಹೇಳಿದರೆ ಈ ಎರಡು ವರ್ಷಗಳನ್ನು ಜೊತೆಗಿಟ್ಟು ನೋಡಿ.

ಇನ್ನೊಂದು ಮಾತು. ಬಾಣ ಎರಡೂ ಕಡೆ ಹೋಗುತ್ತದೆ. ಚೆನ್ನಾಗಿ ನಡೆಯುವ ಜಾಗದಲ್ಲಿ ಗ್ರಾಹಕರು ಬೈಯುವುದಿಲ್ಲ, ಬೈಯದಿದ್ದರೆ ನೌಕರರು ಖುಷಿಯಾಗಿರುತ್ತಾರೆ. ಯಾವುದು ಮೊದಲು ಅಂತ ಬಿಡಿಸಿ ಹೇಳುವುದು ಕಷ್ಟ. ನಮ್ಮ ಲ್ಯಾಬಿನಲ್ಲಂತೂ ಕೆಲಸದ ರೀತಿ ಸರಿಯಾದ ಮೇಲೇ ಮನಸ್ಸು ಸರಿಯಾದದ್ದು.

ಸೆಕ್ಯೂರಿಟಿ, ಹೌಸ್‌ಕೀಪಿಂಗ್‌ನವರು ಏಜೆನ್ಸಿಯಿಂದ ಬಂದವರು. ಅವರಿಗೂ ಇದೆಲ್ಲ ಬೇಕಾ?

ಬೇಕು, ಅವರಿಗೇ ಮೊದಲು ಬೇಕು. ಬಾಗಿಲಲ್ಲಿ ಮೊದಲು ಸಿಗುವವನು ಸೆಕ್ಯೂರಿಟಿ. "ಖಾಲಿ ಹೊಟ್ಟೇಲಿ ಬರಬೇಕಿತ್ತಾ?" ಅಂತ ಜನ ಮೊದಲು ಕೇಳುವುದು ಅವನನ್ನು. ಅವನು ಗೊತ್ತಿಲ್ಲ ಅಂದರೆ ಅದು ನಿಮ್ಮ ಸಂಸ್ಥೆಯ ಉತ್ತರ. ನಾವು ಆ ಹಾಳೆಯ ಒಂದು ಪ್ರತಿಯನ್ನು ಅವನಿಗೂ ಕೊಟ್ಟೆವು. ಒಂದು ವಾರದಲ್ಲಿ ಅವನೇ ವಯಸ್ಸಾದವರನ್ನು ಗುರುತಿಸಿ ಮುಂದಿನ ಟೋಕನ್ ಕೊಡಿಸತೊಡಗಿದ. ಯಾರೂ ಹೇಳಿರಲಿಲ್ಲ.

ಇದನ್ನೆಲ್ಲ ಅಳೆಯೋದು ಹೇಗೆ? ನಮ್ಮಲ್ಲಿ ಇರೋದೇ ಆರು ಜನ.

ಆರು ಜನ ಇರುವಲ್ಲಿ ಗುಟ್ಟಿನ ಸಮೀಕ್ಷೆ ಅನ್ನುವುದು ನಡೆಯುವುದಿಲ್ಲ. ಯಾರ ಅಕ್ಷರ ಯಾವುದು ಅಂತ ಎಲ್ಲರಿಗೂ ಗೊತ್ತು. "ನಿಮಗೆ ಇಲ್ಲಿ ಖುಷಿ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಅದರ ಬದಲು ಕೆಲಸದ ಬಗ್ಗೆ ಕೇಳಿ. ಈ ವಾರ ಗ್ರಾಹಕರು ಕೇಳಿದ ಯಾವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಲಿಲ್ಲ? ಯಾವ ಕೆಲಸಕ್ಕೆ ಇನ್ನೊಬ್ಬರಿಗಾಗಿ ಕಾಯಬೇಕಾಯಿತು? ಇವಕ್ಕೆ ನಿಜವಾದ ಉತ್ತರ ಬರುತ್ತದೆ, ಯಾಕೆಂದರೆ ಇದರಲ್ಲಿ ಯಾರನ್ನೂ ದೂರಿದಂತಾಗುವುದಿಲ್ಲ.

ಅದೇ ಹೊತ್ತಿಗೆ ಹೊರಗೆ ಹೋಗುವ ಗ್ರಾಹಕರನ್ನೂ ಒಂದೇ ಪ್ರಶ್ನೆ ಕೇಳಿ: ನೀವು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿತಾ? ಎರಡನ್ನೂ ಶಿಫ್ಟ್ ಪ್ರಕಾರ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಶಿಫ್ಟಿನಲ್ಲಿ ಕೆಟ್ಟಿದ್ದರೆ ತೊಂದರೆ ಆ ಹೊತ್ತಿನ ಕೆಲಸದಲ್ಲಿದೆ. ಶಿಫ್ಟ್ ಯಾವುದೇ ಇರಲಿ, ಒಬ್ಬ ಸಿಬ್ಬಂದಿ ಕೆಲಸದಲ್ಲಿದ್ದಾಗ ಮಾತ್ರ ಕೆಟ್ಟಿದ್ದರೆ ಆಗ ಆ ಒಬ್ಬರ ಜೊತೆ ಕೂತು ಮಾತಾಡಿ. ನನ್ನ ಅನುಭವದಲ್ಲಿ ಎರಡನೆಯದು ಅಪರೂಪ, ಆದರೆ ಇಲ್ಲ ಅನ್ನಲಾರೆ. ಎಷ್ಟು ಒಳ್ಳೆಯ ವ್ಯವಸ್ಥೆ ಇದ್ದರೂ ಜನರ ಜೊತೆ ಕೆಲಸ ಮಾಡುವುದೇ ಹಿಂಸೆ ಅನಿಸುವವರು ಇರುತ್ತಾರೆ, ಅಂಥವರನ್ನು ಕೌಂಟರಿನಿಂದ ಒಳಗಿನ ಕೆಲಸಕ್ಕೆ ಕಳಿಸುವುದು ಅವರಿಗೂ ಒಳ್ಳೆಯದು.

ನಾಳೆಯಿಂದಲೇ ಶುರು ಮಾಡಬೇಕು ಅಂದ್ರೆ ಎಲ್ಲಿಂದ?

ನಿಮ್ಮ ಬೋರ್ಡ್, ಕರಪತ್ರ, ವಾಟ್ಸಾಪ್ ಜಾಹೀರಾತು ಎಲ್ಲ ತೆಗೆದುಕೊಂಡು ಕೌಂಟರಿನವರ ಜೊತೆ ಕೂರಿ. ಒಂದೊಂದೇ ಸಾಲು ಓದಿ, "ಇದು ನಡೆಯುತ್ತಾ?" ಅಂತ ಕೇಳಿ. ಅವರು ಉತ್ತರ ಕೊಡುವಾಗ ನಡುವೆ ಬಾಯಿ ಹಾಕಬೇಡಿ. ನಡೆಯಲ್ಲ ಅಂದ ಸಾಲುಗಳಿಗೆ ಗುರುತು ಹಾಕಿ, ಒಂದೋ ಆ ಸಾಲನ್ನು ಅಳಿಸಿ, ಇಲ್ಲ ಅದು ನಡೆಯುವಂತೆ ಗಾಡಿ, ಜನ, ಸಮಯ ಹೊಂದಿಸಿ. ಒಂದು ನೋಟ್ ಪುಸ್ತಕ ತನ್ನಿ, ಅದಕ್ಕೊಂದು ಪೆನ್ನು ಕಟ್ಟಿ. ಹದಿನೈದು ದಿನ ಆದಮೇಲೆ ಅದನ್ನು ನೀವೇ ಮೊದಲಿಂದ ಕೊನೆವರೆಗೆ ಓದಿ, ಮ್ಯಾನೇಜರ್ ಕೈಲಿ ಓದಿಸಬೇಡಿ.